ಹಾಡು ನಿಂತ ಮೇಲೂ ಇಳಿಯದ ಬಿಸಿ: ಒಂದು ಆಂಪ್ಲಿಫೈಯರ್ ಬಯಾಸ್‌ನ ಪ್ರಕರಣ

ನಮ್ಮ ಬೀದಿಯ ಕೊನೆ ಮನೆಯ ಮೇಷ್ಟ್ರು ಏಪ್ರಿಲ್ ತಿಂಗಳಲ್ಲಿ ಒಂದು ಆಂಪ್ಲಿಫೈಯರ್ ಹೊತ್ತು ತಂದರು. "ನೋಡಪ್ಪಾ, ಜೋರಾಗಿ ಇಟ್ಟರೆ ಚೆನ್ನಾಗೇ ಇದೆ. ಬೆಳಿಗ್ಗೆ ಐದಕ್ಕೆ ಎದ್ದು ಸಣ್ಣಗೆ ತಂಬೂರಿ ಹಾಕಿಕೊಂಡರೆ ಮಾತ್ರ ಕರಕರ ಅನ್ನುತ್ತೆ" ಅಂದರು. ಜೊತೆಗೆ ಹಳೇ ಕಥೆಯನ್ನೂ ಹೇಳಿದರು. ಎಡಗಡೆ ಚಾನೆಲ್ ಎರಡು ಸಲ ಸುಟ್ಟಿತ್ತು. ಎರಡು ಸಲವೂ ರಿಪೇರಿಯವರು ಔಟ್‌ಪುಟ್ ಟ್ರಾನ್ಸಿಸ್ಟರ್ ಬದಲಿಸಿ, "ಡೂಪ್ಲಿಕೇಟ್ ಮಾಲು ಸರ್, ಅದಕ್ಕೇ ಹೋಗಿದೆ" ಅಂದಿದ್ದರಂತೆ. ಎರಡನೇ ಸಲ ರಿಪೇರಿಯಾದ ಮೇಲೆ ಸುಟ್ಟಿಲ್ಲ. ಆದರೆ ಈ ಕರಕರ ಶುರುವಾಗಿದ್ದು ಆಗಲೇ.

ಸುಡುವುದು, ಕರಕರ ಅನ್ನುವುದು ಎರಡು ಬೇರೆ ಕಾಯಿಲೆ ಅಂತ ಅವರು ತಿಳಿದಿದ್ದರು. ಮುಚ್ಚಳ ತೆಗೆದು ಅರ್ಧ ಗಂಟೆ ನೋಡಿದ ಮೇಲೆ ಎರಡಕ್ಕೂ ಬೇರು ಒಂದೇ ಅಂತ ಗೊತ್ತಾಯಿತು. ಬೋರ್ಡಿನ ನಡುವೆ ನಿಂತಿದ್ದ ಒಂದು ಪುಟ್ಟ ಬಿ.ಸಿ.547 ಟ್ರಾನ್ಸಿಸ್ಟರ್, ಅದರ ಪಕ್ಕದಲ್ಲಿ ಸ್ಕ್ರೂಡ್ರೈವರ್‌ನಿಂದ ತಿರುಗಿಸಿ ಸರಿಮಾಡುವ ರೆಸಿಸ್ಟರ್, ಅಂದರೆ ಒಂದು ಪ್ರೀಸೆಟ್.

ಆಂಪ್ಲಿಫೈಯರ್ ನಮ್ಮ ಕಡೆ ಎಲ್ಲ ಅಂಗಡಿಗಳಲ್ಲೂ ಸಿಗುವ ತರಹದ್ದು. ಪ್ಲಸ್ 35, ಮೈನಸ್ 35 ವೋಲ್ಟ್ ಸಪ್ಲೈ. ಪ್ರತಿ ಚಾನೆಲ್‌ಗೆ 5200–1943 ಔಟ್‌ಪುಟ್ ಟ್ರಾನ್ಸಿಸ್ಟರ್ ಜೋಡಿ, ಅವನ್ನು ನಡೆಸಲು ಟಿಪ್ 41, ಟಿಪ್ 42 ಡ್ರೈವರ್‌ಗಳು. ನಾಲ್ಕೂ ಒಂದೇ ಹೀಟ್‌ಸಿಂಕ್ ಮೇಲೆ. ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಎಮಿಟರ್‌ನಲ್ಲಿ ತಲಾ 0.22 ಓಮ್, 5 ವ್ಯಾಟ್‌ನ ಬಿಳಿ ರೆಸಿಸ್ಟರ್. ಇನ್‌ಪುಟ್ ಶಾರ್ಟ್ ಮಾಡಿ, ಸ್ಪೀಕರ್ ತೆಗೆದು, ಆ ಬಿಳಿ ರೆಸಿಸ್ಟರ್ ಮೇಲೆ ಮೀಟರ್ ಇಟ್ಟೆ. ಅರ್ಧ ಮಿಲಿವೋಲ್ಟ್. ಅಂದರೆ ಸುಮಾರು 2 ಮಿಲಿಆಂಪ್. ಹಾಡು ಇಲ್ಲದಿರುವಾಗಲೂ ಔಟ್‌ಪುಟ್ ಜೋಡಿಯಲ್ಲಿ ಒಂದಿಷ್ಟು ಕರೆಂಟ್ ಹರಿಯುತ್ತಿರಬೇಕು. ಇದಕ್ಕೆ ಕ್ವಯಸೆಂಟ್ ಕರೆಂಟ್ ಅನ್ನುತ್ತಾರೆ. ಇಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇತ್ತು.

ಸ್ಪೀಕರ್ ಜಾಗಕ್ಕೆ 8 ಓಮ್ ಲೋಡ್ ಹಾಕಿ, 1 ಕಿಲೋಹರ್ಟ್ಜ್ ಸೈನ್ ಕೊಟ್ಟು, ಔಟ್‌ಪುಟ್ ಬರೀ 1 ವೋಲ್ಟ್ ಇಟ್ಟು ಸ್ಕೋಪ್‌ನಲ್ಲಿ ನೋಡಿದೆ. ಅಲೆ ಸೊನ್ನೆಯನ್ನು ದಾಟುವ ಕಡೆಯೆಲ್ಲ ಸಣ್ಣ ಮೆಟ್ಟಿಲು. ಮೇಲಿನ ಟ್ರಾನ್ಸಿಸ್ಟರ್ ಕೈಬಿಟ್ಟಾಗಿದೆ, ಕೆಳಗಿನದು ಇನ್ನೂ ಹಿಡಿದಿಲ್ಲ. ಔಟ್‌ಪುಟ್ ಅನ್ನು 20 ವೋಲ್ಟ್‌ಗೆ ಏರಿಸಿದರೆ ಮೆಟ್ಟಿಲು ಅಷ್ಟೇ ದೊಡ್ಡದಿರುತ್ತದೆ, ಆದರೆ ದೊಡ್ಡ ಅಲೆಯಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೇ ಜೋರಾಗಿ ಇಟ್ಟರೆ ಚೆನ್ನಾಗಿದೆ, ಸಣ್ಣಗೆ ಇಟ್ಟರೆ ಕರಕರ. ಮೇಷ್ಟ್ರ ಕಿವಿ ಹೇಳಿದ್ದನ್ನೇ ಸ್ಕೋಪ್ ಕೂಡ ಹೇಳಿತು.

ಹಾಗಾದರೆ ಎಷ್ಟು ಕರೆಂಟ್ ಬೇಕು? ಇದಕ್ಕೆ ಹಳೆಯ, ಗಟ್ಟಿಯಾದ ಉತ್ತರವಿದೆ. 1971ರಲ್ಲಿ ಹ್ಯೂಲೆಟ್-ಪ್ಯಾಕರ್ಡ್‌ನ ಬರ್ನಾರ್ಡ್ ಆಲಿವರ್ ಇದನ್ನು ಬಿಡಿಸಿ ತೋರಿಸಿದರು. ಟ್ರಾನ್ಸಿಸ್ಟರ್‌ಗೆ ಅದರದೇ ಒಳಗಿನ ಒಂದು ಎಮಿಟರ್ ರೆಸಿಸ್ಟೆನ್ಸ್ ಇರುತ್ತದೆ. ಕೋಣೆಯ ಬಿಸಿಯಲ್ಲಿ 26 ಮಿಲಿವೋಲ್ಟ್ ಅನ್ನು ಕರೆಂಟ್‌ನಿಂದ ಭಾಗಿಸಿದರೆ ಅದು ಸಿಗುತ್ತದೆ. ಈ ಒಳಗಿನ ರೆಸಿಸ್ಟೆನ್ಸ್ ಹೊರಗಿನ ಎಮಿಟರ್ ರೆಸಿಸ್ಟರ್‌ಗೆ ಸಮವಾದಾಗ, ಕೆಲಸ ಒಂದು ಟ್ರಾನ್ಸಿಸ್ಟರ್‌ನಿಂದ ಇನ್ನೊಂದಕ್ಕೆ ಹೋಗುವುದು ಅತ್ಯಂತ ನುಣುಪಾಗಿ ನಡೆಯುತ್ತದೆ. ಅಂದರೆ ಹೊರಗಿನ ರೆಸಿಸ್ಟರ್ ಯಾವುದೇ ಇರಲಿ, ಅದರ ಮೇಲೆ ಸುಮಾರು 26 ಮಿಲಿವೋಲ್ಟ್ ಬೀಳಬೇಕು. ನಿಜವಾದ ಟ್ರಾನ್ಸಿಸ್ಟರ್‌ನಲ್ಲಿ ಬೇರೆ ಸಣ್ಣಪುಟ್ಟ ರೆಸಿಸ್ಟೆನ್ಸ್‌ಗಳೂ ಸೇರುವುದರಿಂದ ಸ್ವಲ್ಪ ಕಡಿಮೆಯೇ ಸರಿ. ನಾನು 25 ಇಟ್ಟುಕೊಂಡೆ. 0.22 ಓಮ್‌ಗೆ ಅದು 114 ಮಿಲಿಆಂಪ್. ಜಾಸ್ತಿ ಕೊಟ್ಟಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಜಾಸ್ತಿಯಾದರೆ ಎರಡೂ ಟ್ರಾನ್ಸಿಸ್ಟರ್ ಒಟ್ಟಿಗೆ ಎಳೆಯುವ ಜಾಗ ಅಗಲವಾಗುತ್ತದೆ, ಅದರ ಎರಡು ಅಂಚಿನಲ್ಲಿ ಮತ್ತೆ ಗೇನ್ ಏರುಪೇರಾಗುತ್ತದೆ.

ಪ್ರೀಸೆಟ್ ತಿರುಗಿಸಿ 25 ಮಿಲಿವೋಲ್ಟ್‌ಗೆ ತರೋಣ ಅಂತ ಹೊರಟೆ. ಮೊದಲು ಪ್ಲಗ್ಗಿಗೆ ಸೀರೀಸ್‌ನಲ್ಲಿ 60 ವ್ಯಾಟ್ ಬಲ್ಬ್ ಹಾಕಿದೆ. ಸ್ಕ್ರೂಡ್ರೈವರ್ ಇಟ್ಟು ಕೂದಲೆಳೆಯಷ್ಟು ತಿರುಗಿಸಿದ್ದೇ ತಡ, ಬಲ್ಬ್ ಒಂದು ಕ್ಷಣ ಫಳ್ ಅಂತ ಹೊಳೆದು ಮತ್ತೆ ಮಂಕಾಯಿತು. ಇನ್ನೊಮ್ಮೆ ತಿರುಗಿಸಿದೆ, ಮತ್ತೆ ಫಳ್. ಬಲ್ಬ್ ಇಲ್ಲದಿದ್ದರೆ ಆ ಒಂದು ಫಳ್‌ಗೆ ಮೂರನೇ ಜೋಡಿಯೂ ಹೋಗುತ್ತಿತ್ತು.

ಇದು ಯಾಕೆ ಅಂತ ಗೊತ್ತಾಗಬೇಕಾದರೆ ಆ ಪುಟ್ಟ ಟ್ರಾನ್ಸಿಸ್ಟರ್ ಏನು ಮಾಡುತ್ತಿದೆ ಅಂತ ನೋಡಬೇಕು. ಮೇಲಿನ ಡ್ರೈವರ್‌ನ ಬೇಸ್‌ನಿಂದ ಕೆಳಗಿನ ಡ್ರೈವರ್‌ನ ಬೇಸ್‌ವರೆಗೆ ನಡೆದರೆ ದಾರಿಯಲ್ಲಿ ನಾಲ್ಕು ಬೇಸ್–ಎಮಿಟರ್ ಜಂಕ್ಷನ್ ಸಿಗುತ್ತವೆ: ಎರಡು ಡ್ರೈವರ್, ಎರಡು ಔಟ್‌ಪುಟ್. ಪ್ರತಿಯೊಂದಕ್ಕೂ ಸುಮಾರು 0.58 ವೋಲ್ಟ್‌ನಂತೆ 2.3, ಎರಡು ಎಮಿಟರ್ ರೆಸಿಸ್ಟರ್ ಮೇಲೆ ಒಟ್ಟು 0.05. ಹೀಗೆ ಎರಡು ಬೇಸ್‌ಗಳ ನಡುವೆ ಹೆಚ್ಚುಕಡಿಮೆ 2.35 ವೋಲ್ಟ್ ಅಂತರ ಇಡಬೇಕು. ಬಯಾಸ್ ಅನ್ನುವುದು ಇದಕ್ಕೇ, ಇದನ್ನು ಕೊಡುವುದೇ ಆ ಪುಟ್ಟ ಟ್ರಾನ್ಸಿಸ್ಟರ್‌ನ ಕೆಲಸ. ನಾಲ್ಕು ಡಯೋಡ್ ಸಾಲಾಗಿ ಇಟ್ಟರೂ ಇಷ್ಟಕ್ಕೆ ಹತ್ತಿರ ಬರುತ್ತದೆ, ಆದರೆ ಅದನ್ನು ಏರಿಸಿ ಇಳಿಸಿ ಸರಿಮಾಡಲು ಆಗದು.

ಈಗ ಒಂದು ಟ್ರಾನ್ಸಿಸ್ಟರ್ ತೆಗೆದುಕೊಂಡು ಅದರ ಕಲೆಕ್ಟರ್ ಮತ್ತು ಬೇಸ್ ಅನ್ನು ಸೇರಿಸಿಬಿಡಿ. ಅದು ಡಯೋಡ್ ಆಯಿತು, ಒಂದು ಬೇಸ್–ಎಮಿಟರ್ ವೋಲ್ಟೇಜ್ ಮಾತ್ರ ಕೊಡುತ್ತದೆ. ಆ ಸೇರಿಸಿದ ತಂತಿ ಬಿಚ್ಚಿ, ಕಲೆಕ್ಟರ್‌ನಿಂದ ಬೇಸ್‌ಗೆ R1, ಬೇಸ್‌ನಿಂದ ಎಮಿಟರ್‌ಗೆ R2 ಹಾಕಿ. R2 ಮೇಲೆ ಬೀಳುವುದು ಬೇಸ್–ಎಮಿಟರ್ ವೋಲ್ಟೇಜ್ ತಾನೇ? ಅದರಲ್ಲಿ ಹರಿಯುವ ಕರೆಂಟ್ R1 ಮೂಲಕವೇ ಬರಬೇಕು. ಹಾಗಾಗಿ ಒಟ್ಟು ವೋಲ್ಟೇಜ್ ಹೀಗೆ ಬೆಳೆಯುತ್ತದೆ:

```
V = Vbe × (1 + R1/R2) + Ib × R1
```

ಕೊನೆಯ ತುಂಡು ಬೇಸ್ ಕರೆಂಟ್‌ನ ಪಾಲು, ಸಣ್ಣದು. ಮುಖ್ಯವಾದುದು ಮೊದಲ ತುಂಡು. ಒಂದು ಡಯೋಡ್‌ನ ವೋಲ್ಟೇಜನ್ನು ಮೂರೂವರೆ ಪಟ್ಟು, ನಾಲ್ಕು ಪಟ್ಟು, ಬೇಕಾದಷ್ಟು ಪಟ್ಟು ಮಾಡಿಕೊಳ್ಳಬಹುದು.

ಮೇಷ್ಟ್ರ ಬೋರ್ಡಿನಲ್ಲಿ R1, R2 ಎರಡರ ಜಾಗದಲ್ಲೂ ಒಂದೇ ಪ್ರೀಸೆಟ್ ಇತ್ತು. ಅದರ ಎರಡು ತುದಿ ಕಲೆಕ್ಟರ್ ಮತ್ತು ಎಮಿಟರ್‌ಗೆ, ನಡುವಿನ ಕಾಲು ಬೇಸ್‌ಗೆ. ಬೋರ್ಡ್ ಮಾಡುವವರಿಗೆ ಎರಡು ರೆಸಿಸ್ಟರ್‌ನ ಖರ್ಚು ಉಳಿಯಿತು. ಆದರೆ ಪ್ರೀಸೆಟ್‌ನ ನಡುವಿನ ಕಾಲು ಒಳಗೆ ಕಾರ್ಬನ್ ಹಾದಿಯ ಮೇಲೆ ಸುಮ್ನೆ ಒರಗಿರುವ ಒಂದು ತಗಡಿನ ಬೆರಳು. ಧೂಳು ಕೂತರೆ, ತುಕ್ಕು ಹಿಡಿದರೆ, ಅದು ಒಂದು ಕ್ಷಣ ಮೇಲೇಳುತ್ತದೆ. ಆ ಕ್ಷಣ ಬೇಸ್‌ಗೆ ಏನೂ ಸಿಗದೆ ಟ್ರಾನ್ಸಿಸ್ಟರ್ ಆಫ್ ಆಗುತ್ತದೆ. ಆಗ ಎರಡು ಡ್ರೈವರ್ ಬೇಸ್‌ಗಳ ನಡುವಿನ ವೋಲ್ಟೇಜ್‌ಗೆ ಹಿಡಿತವೇ ಇರುವುದಿಲ್ಲ. ಔಟ್‌ಪುಟ್ ಎರಡೂ ಪೂರ್ತಿ ತೆರೆದು ಪ್ಲಸ್ 35ರಿಂದ ಮೈನಸ್ 35ಕ್ಕೆ ನೇರ ದಾರಿ. ಫಳ್ ಅಂದಿದ್ದು ಇದೇ.

ಆ ಪ್ರೀಸೆಟ್ ಕಿತ್ತು ಎರಡು ಸಾಮಾನ್ಯ ರೆಸಿಸ್ಟರ್ ಹಾಕಿ, ತಾತ್ಕಾಲಿಕವಾಗಿ 25 ಮಿಲಿವೋಲ್ಟ್ ಬರುವ ಹಾಗೆ ಮಾಡಿಕೊಂಡೆ. ಬಲ್ಬ್ ತೆಗೆದೆ. ಕರಕರ ಹೋಯಿತು, ಸ್ಕೋಪ್‌ನಲ್ಲಿ ಮೆಟ್ಟಿಲು ಕಾಣಲಿಲ್ಲ. ಇಲ್ಲಿಗೇ ನಿಲ್ಲಿಸಿ ಕೊಟ್ಟಿದ್ದರೆ ಮೇಷ್ಟ್ರು ಒಂದು ವಾರದಲ್ಲಿ ಮತ್ತೆ ಬರುತ್ತಿದ್ದರು.

ಯಾಕೆಂದರೆ ಆಮೇಲೆ ಅರ್ಧ ಗಂಟೆ ಜೋರಾಗಿ ಓಡಿಸಿ ನೋಡಿದೆ. ಹೀಟ್‌ಸಿಂಕ್ 28 ಡಿಗ್ರಿಯಿಂದ 53ಕ್ಕೆ ಏರಿತು. ಅಲ್ಲಿಗೆ ಹಾಡು ನಿಲ್ಲಿಸಿ ಬಿಳಿ ರೆಸಿಸ್ಟರ್ ಮೇಲೆ ಮೀಟರ್ ಇಟ್ಟೆ. 76 ಮಿಲಿವೋಲ್ಟ್. ಸರಿ, ಬಿಸಿಯಾಗಿದೆ, ಈಗ ತಣ್ಣಗಾಗುತ್ತ ಇಳಿಯಬೇಕು ಅಲ್ವಾ? ಇಳಿಯಲಿಲ್ಲ. 79, 83, 88. ಹಾಡಿಲ್ಲ, ಸ್ಪೀಕರ್ ಇಲ್ಲ, ಆದರೂ ಹೀಟ್‌ಸಿಂಕ್ ಬಿಸಿಯಾಗುತ್ತಲೇ ಇದೆ. ನೂರು ಮುಟ್ಟುವ ಹೊತ್ತಿಗೆ ಸ್ವಿಚ್ ಆರಿಸಿದೆ. ಈ ರೋಗ ಗುರುತಿಸಲು ನನಗೆ ಗೊತ್ತಿರುವ ಅತ್ಯಂತ ಸುಲಭದ ಪರೀಕ್ಷೆ ಇದೇ: ಚೆನ್ನಾಗಿ ಬಿಸಿ ಮಾಡಿ, ಹಾಡು ನಿಲ್ಲಿಸಿ, ಐದು ನಿಮಿಷ ಮೀಟರ್ ನೋಡುತ್ತ ಕೂರುವುದು.

ಇದರ ಲೆಕ್ಕ ನೋಡೋಣ. ಟ್ರಾನ್ಸಿಸ್ಟರ್‌ನಲ್ಲಿ ಅದೇ ಕರೆಂಟ್ ಹರಿಸಲು ಬೇಕಾಗುವ ಬೇಸ್–ಎಮಿಟರ್ ವೋಲ್ಟೇಜ್ ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಕಡಿಮೆಯಾಗುತ್ತದೆ. ಹೀಟ್‌ಸಿಂಕ್ ಮೇಲಿನ ಜಂಕ್ಷನ್ ನಾಲ್ಕು, ಅಂದರೆ ಡಿಗ್ರಿಗೆ 8. ಬಿಸಿ ಏರಿದ್ದು 25 ಡಿಗ್ರಿ. ಹಾಗಾದರೆ ಬೇಕಾದ ವೋಲ್ಟೇಜ್ 200 ಮಿಲಿವೋಲ್ಟ್ ಇಳಿದಿದೆ. ಬಯಾಸ್ ಕೊಡುವ ಬಿ.ಸಿ.547 ಕೂಡ ಅಷ್ಟೇ ಇಳಿಸಬೇಕಿತ್ತು. ಅದಕ್ಕೆ ಆ ಶಕ್ತಿ ಇದೆ. ಡಯೋಡ್ ವೋಲ್ಟೇಜನ್ನು ಮೂರೂವರೆ ಪಟ್ಟು ಮಾಡಿದ ಹಾಗೆ, ಡಿಗ್ರಿಗೆ 2 ಮಿಲಿವೋಲ್ಟ್ ಅನ್ನುವುದನ್ನೂ ಅದು ಮೂರೂವರೆ ಪಟ್ಟು ಮಾಡುತ್ತದೆ, ಹೆಚ್ಚುಕಡಿಮೆ 7. ಈ ಸರ್ಕ್ಯೂಟ್‌ನ ಜಾಣತನವೇ ಅದು. ಆದರೆ ಆ ಟ್ರಾನ್ಸಿಸ್ಟರ್ ಹೀಟ್‌ಸಿಂಕ್‌ನಿಂದ ಮೂರು ಸೆಂಟಿಮೀಟರ್ ದೂರದಲ್ಲಿ, ಗಾಳಿಯಲ್ಲಿ ನಿಂತಿದೆ. ಡಬ್ಬದೊಳಗಿನ ಗಾಳಿ ಬಿಸಿಯಾಗಿ ಅದಕ್ಕೆ ಮುಟ್ಟಿದ್ದು 8 ಡಿಗ್ರಿ ಮಾತ್ರ. ಅದು ಇಳಿಸಿದ್ದು 57 ಮಿಲಿವೋಲ್ಟ್. ಉಳಿದ 140 ಮಿಲಿವೋಲ್ಟ್ ಹೆಚ್ಚುವರಿಯಾಗಿ ಔಟ್‌ಪುಟ್ ಮೇಲೆ ಕೂತಿತು, ಒಂದೊಂದು ಕಡೆಗೆ 70. ಅದಕ್ಕೆ 114 ಮಿಲಿಆಂಪ್ ಇದ್ದದ್ದು 310ಕ್ಕೆ ಹೋಗುತ್ತದೆ. ಟ್ರಾನ್ಸಿಸ್ಟರ್‌ನ ಒಳಗಿನ ಚಿಪ್ ಹೀಟ್‌ಸಿಂಕ್‌ಗಿಂತ ಇನ್ನೂ ಬಿಸಿ ಇರುವುದರಿಂದ ಮೀಟರ್ ಸ್ವಲ್ಪ ಜಾಸ್ತಿಯೇ ತೋರಿಸಿತು.

310 ಮಿಲಿಆಂಪ್ ಅಂದರೆ ಸುಮ್ಮನೆ ನಿಂತಿರುವಾಗಲೇ ಜೋಡಿಯಲ್ಲಿ 22 ವ್ಯಾಟ್ ಬಿಸಿ. ಈ ಹೀಟ್‌ಸಿಂಕ್ ಒಂದು ವ್ಯಾಟ್‌ಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಏರುವಂಥದ್ದು. ಅಂದರೆ 22 ಡಿಗ್ರಿ ಬಿಸಿಯನ್ನು ಹಾಡಿಲ್ಲದೆಯೂ ತಾನೇ ಉಳಿಸಿಕೊಳ್ಳುತ್ತದೆ. ಬಿಸಿ ಕರೆಂಟ್ ತರುತ್ತದೆ, ಕರೆಂಟ್ ಬಿಸಿ ತರುತ್ತದೆ. ತಣ್ಣಗಿರುವಾಗ ಈ ಸುತ್ತು ಹಿಡಿತದಲ್ಲಿರುತ್ತದೆ, ಯಾಕೆಂದರೆ ಟ್ರಾನ್ಸಿಸ್ಟರ್ ಒಳಗಿನ ರೆಸಿಸ್ಟೆನ್ಸ್ ಕೂಡ ಕರೆಂಟ್ ಏರುವುದನ್ನು ತಡೆಯುತ್ತಿರುತ್ತದೆ. ಕರೆಂಟ್ ಜಾಸ್ತಿಯಾದ ಹಾಗೆ ಆ ರೆಸಿಸ್ಟೆನ್ಸ್ ಕರಗಿ, ತಡೆಯಲು ಬರೀ 0.22 ಓಮ್ ಉಳಿಯುತ್ತದೆ. ಆಗ ಕೈ ಮೀರುತ್ತದೆ.

ಈಗ ಹಿಂದಿನದ್ದೆಲ್ಲ ಒಂದಕ್ಕೊಂದು ಸೇರಿತು. ಎರಡು ಜೋಡಿ ಸುಟ್ಟಿದ್ದು ಹೀಗೆ. ಎರಡನೇ ಸಲ ರಿಪೇರಿ ಮಾಡಿದವರು ಬಿಸಿಯನ್ನು ಗಮನಿಸಿರಬೇಕು, ಪ್ರೀಸೆಟ್ ಪೂರ್ತಿ ಕೆಳಗೆ ಇಳಿಸಿಬಿಟ್ಟರು. ಸುಡುವುದು ನಿಂತಿತು, ಕರಕರ ಬಂತು. ಡೂಪ್ಲಿಕೇಟ್ 5200 ಬಜಾರಿನಲ್ಲಿ ಬೇಕಾದಷ್ಟು ಇವೆ, ಅದು ನಿಜ. ಆದರೆ ಈ ಬೋರ್ಡಿನಲ್ಲಿ ಅಸಲಿ ಹಾಕಿದ್ದರೂ ಅದೇ ಗತಿ ಆಗುತ್ತಿತ್ತು.

ಹೊಸದಾಗಿ ಬಿ.ಡಿ.139 ತಂದೆ. ಅದನ್ನು ಆರಿಸಲು ಒಂದೇ ಕಾರಣ: ಅದರ ಮೈಯಲ್ಲಿ ಸ್ಕ್ರೂ ತೂತು ಇದೆ, ಹೀಟ್‌ಸಿಂಕ್‌ಗೆ ಬಿಗಿಯಬಹುದು. ಜಾಗವನ್ನು ಯೋಚಿಸಿ ಆರಿಸಿದೆ. ಎರಡು ಔಟ್‌ಪುಟ್‌ಗಳ ನಡುವೆ, ಎರಡಕ್ಕೂ ಒಂದೇ ದೂರದಲ್ಲಿ, ಸ್ಕ್ರೂ ಹಾಕಲು 3 ಮಿಲಿಮೀಟರ್ ತೂತು ಕೊರೆದೆ. ಇಲ್ಲಿ ಎರಡು ಮಾತು ನೆನಪಿರಲಿ. ಬಿ.ಡಿ.139ರ ಹಿಂಬದಿಯ ಲೋಹ ಕಲೆಕ್ಟರ್‌ಗೆ ಸೇರಿದೆ, ಹಾಗಾಗಿ ಮೈಕಾ ತುಂಡು, ಎರಡು ಕಡೆ ಹೀಟ್‌ಸಿಂಕ್ ಪೇಸ್ಟ್ ಬೇಕೇ ಬೇಕು. ಇನ್ನೊಂದು, ಕಾಲುಗಳ ಸಾಲು ಬೇರೆ. ಬಿ.ಸಿ.547 ಅನ್ನು ಚಪ್ಪಟೆ ಮುಖದಿಂದ ನೋಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಬಿ.ಡಿ.139 ಅನ್ನು ಅಕ್ಷರ ಇರುವ ಮುಖದಿಂದ ನೋಡಿದರೆ ಎಮಿಟರ್, ಕಲೆಕ್ಟರ್, ಬೇಸ್. ನೇರ ತಂತಿ ಎಳೆದರೆ ಮೊದಲ ಆನ್‌ನಲ್ಲೇ ಜೋಡಿ ಹೋಗುತ್ತದೆ. ಮೂರು ತಂತಿಗಳನ್ನು ಜಡೆ ಹಾಕಿ, ಬೆಸುಗೆ ಮೇಲೆ ಸ್ಲೀವ್ ಏರಿಸಿ, ಬೋರ್ಡಿಗೆ ಕಟ್ಟಿದೆ. ಇವುಗಳಲ್ಲಿ ಬೇಸ್ ತಂತಿ ಒಂದು ಕಿತ್ತರೂ ಕೆಟ್ಟ ಪ್ರೀಸೆಟ್‌ನ ಕಥೆಯೇ ಆಗುತ್ತದೆ.

ರೆಸಿಸ್ಟರ್ ಲೆಕ್ಕ ಹೀಗೆ ಹಾಕಿದೆ. ಈ ಹಂತದಲ್ಲಿ ಒಟ್ಟು 7 ಮಿಲಿಆಂಪ್ ಹರಿಯುತ್ತದೆ. ಅದರಲ್ಲಿ 6ರಷ್ಟು ಟ್ರಾನ್ಸಿಸ್ಟರ್‌ಗೆ, ಉಳಿದದ್ದು ರೆಸಿಸ್ಟರ್ ಸಾಲಿಗೆ. ಬಿ.ಡಿ.139ರ ಬೇಸ್–ಎಮಿಟರ್ ವೋಲ್ಟೇಜ್ ಇಲ್ಲಿ 0.63. R1 2.2 ಕಿಲೋಓಮ್ ಇಟ್ಟೆ. ಬೇಸ್ ಕರೆಂಟ್ 0.05 ಮಿಲಿಆಂಪ್ ಅಂದುಕೊಂಡರೆ 2.35 ವೋಲ್ಟ್ ಬರಲು R2 ಸುಮಾರು 860 ಓಮ್ ಆಗಬೇಕು. ಅದನ್ನು 750 ಓಮ್ ರೆಸಿಸ್ಟರ್ ಮತ್ತು ಸೀರೀಸ್‌ನಲ್ಲಿ 500 ಓಮ್ ಪ್ರೀಸೆಟ್ ಆಗಿ ಒಡೆದೆ. ಪ್ರೀಸೆಟ್‌ನ ನಡುವಿನ ಕಾಲನ್ನು ಒಂದು ತುದಿಗೆ ಬೆಸೆದೆ.

ಪ್ರೀಸೆಟ್ R2 ಕಡೆಯೇ ಇರಬೇಕು ಅನ್ನುವುದು ತುಂಬ ಮುಖ್ಯ. ಈಗ ಆ ತಗಡಿನ ಬೆರಳು ಮೇಲೆದ್ದರೆ R2 1250 ಓಮ್‌ಗೆ ಏರುತ್ತದೆ, ಬಯಾಸ್ 1.85 ವೋಲ್ಟ್‌ಗೆ ಇಳಿಯುತ್ತದೆ. ಮತ್ತೆ ಕರಕರ ಬರಬಹುದು, ಆದರೆ ಏನೂ ಸುಡುವುದಿಲ್ಲ. ಪ್ರೀಸೆಟ್ ಇನ್ನೊಂದು ತುದಿಗೆ ಹೋದರೂ 750 ಓಮ್ ಉಳಿದಿರುವುದರಿಂದ ಬಯಾಸ್ 2.6 ವೋಲ್ಟ್ ದಾಟುವುದಿಲ್ಲ. ಅಲ್ಲಿ ಅರ್ಧ ಆಂಪ್ ಹತ್ತಿರ ಹರಿಯುತ್ತದೆ, ಕೈಗೆ ಬಿಸಿ ತಾಗಿ ಆರಿಸಲು ಸಮಯ ಸಿಗುತ್ತದೆ.

ಮೊದಲ ಆನ್‌ಗೆ ಮತ್ತೆ ಸೀರೀಸ್ ಬಲ್ಬ್, ಪ್ರೀಸೆಟ್ ಅತಿ ಹೆಚ್ಚು ಓಮ್‌ನಲ್ಲಿ. ಮೀಟರ್ ಅನ್ನು ಎರಡು ಔಟ್‌ಪುಟ್ ಎಮಿಟರ್‌ಗಳ ನಡುವೆ ಇಟ್ಟೆ. ಹೀಗೆ ಇಟ್ಟರೆ ಎರಡು ರೆಸಿಸ್ಟರ್ ಒಟ್ಟಿಗೆ ಓದುತ್ತದೆ, ಬೇಕಾದದ್ದು 50 ಮಿಲಿವೋಲ್ಟ್. ಬಲ್ಬ್ ಮಂಕಾಗೇ ಇದ್ದದ್ದು ನೋಡಿ ಅದನ್ನು ತೆಗೆದೆ. ಬಲ್ಬ್ ಇದ್ದಾಗ ಸಪ್ಲೈ ವೋಲ್ಟೇಜ್ ಇಳಿದಿರುತ್ತದೆ, ಆಗ ಸೆಟ್ ಮಾಡಿದ ಅಂಕಿಗೆ ಬೆಲೆ ಇಲ್ಲ. ಮೊದಲು 40ಕ್ಕೆ ತಂದು ಇಪ್ಪತ್ತು ನಿಮಿಷ ಬಿಟ್ಟೆ, ಆಮೇಲೆ 50ಕ್ಕೆ ತಂದೆ.

ಮತ್ತೆ ಅದೇ ಪರೀಕ್ಷೆ. ಅರ್ಧ ಗಂಟೆ ಜೋರಾಗಿ ಓಡಿಸಿ ನಿಲ್ಲಿಸಿದೆ. ಆ ಕ್ಷಣಕ್ಕೆ ಒಂದು ರೆಸಿಸ್ಟರ್‌ಗೆ 38 ಮಿಲಿವೋಲ್ಟ್ ಇತ್ತು. ಮೀಟರ್ ನೋಡುತ್ತ ಕೂತೆ. 36, 33, 31. ಎರಡು ಮೂರು ನಿಮಿಷದಲ್ಲಿ 30ರ ಕೆಳಗೆ ಬಂದು ನಿಧಾನವಾಗಿ ಇಳಿಯುತ್ತ ಹೋಯಿತು. ಕೋಣೆಯಲ್ಲಿ ಸದ್ದಿಲ್ಲದಿದ್ದರೂ ಆ ಅಂಕಿ ಇಳಿಯುವುದನ್ನು ನೋಡುವುದು ನನಗೆ ಹಾಡು ಕೇಳಿದಷ್ಟೇ ಖುಷಿ ಕೊಟ್ಟಿತು.

ಮೊದಲಿಗೆ 38 ಯಾಕೆ ಬಂತು? ಔಟ್‌ಪುಟ್‌ನ ಚಿಪ್ ಬಿಸಿಯಾದದ್ದು ಹೀಟ್‌ಸಿಂಕ್‌ಗೆ ತಲುಪಿ, ಅಲ್ಲಿಂದ ಬಿ.ಡಿ.139ಕ್ಕೆ ಮುಟ್ಟಲು ಸಮಯ ಬೇಕು. ಅಷ್ಟು ಹೊತ್ತು ಬಯಾಸ್ ಸ್ವಲ್ಪ ಜಾಸ್ತಿಯೇ ಇರುತ್ತದೆ. ಇದನ್ನು ಇನ್ನೂ ಕಡಿಮೆ ಮಾಡಬೇಕಾದರೆ ಬಿ.ಡಿ.139 ಅನ್ನು ಹೀಟ್‌ಸಿಂಕ್ ಬದಲು ಒಂದು ಔಟ್‌ಪುಟ್ ಟ್ರಾನ್ಸಿಸ್ಟರ್‌ನ ಮೈ ಮೇಲೇ, ಅದೇ ಸ್ಕ್ರೂಗೆ ಬಿಗಿಯಬಹುದು. ಅಲ್ಲಿ ಬಿಸಿ ಬೇಗ ಮುಟ್ಟುತ್ತದೆ. ಮೇಷ್ಟ್ರ ಡಬ್ಬದಲ್ಲಿ ಮುಚ್ಚಳ ಅಡ್ಡ ಬರುತ್ತಿತ್ತು, ಬಿಟ್ಟೆ. ಕೊನೆಗೂ 25ಕ್ಕಿಂತ ಸ್ವಲ್ಪ ಮೇಲೆ ನಿಂತದ್ದಕ್ಕೆ ಕಾರಣ ಲೆಕ್ಕದಲ್ಲೇ ಇದೆ: ಬೇಕಾದದ್ದು ಡಿಗ್ರಿಗೆ 8, ಈ ಸರ್ಕ್ಯೂಟ್ ಕೊಡುವುದು 7.

ಇದೇ ಲೆಕ್ಕ ಇನ್ನೊಂದು ಕಡೆ ಉಲ್ಟಾ ಹೊಡೆಯುತ್ತದೆ, ಅದನ್ನು ಹೇಳಲೇಬೇಕು. ಕೆಲವು ಬೋರ್ಡುಗಳಲ್ಲಿ ಡ್ರೈವರ್‌ಗಳಿಗೆ ಬೇರೆ ಸಣ್ಣ ಹೀಟ್‌ಸಿಂಕ್ ಇರುತ್ತದೆ, ಹಾಡಿನ ಜೊತೆ ಅವು ಅಷ್ಟಾಗಿ ಬಿಸಿಯಾಗುವುದಿಲ್ಲ. ಆಗ ದೊಡ್ಡ ಹೀಟ್‌ಸಿಂಕ್ ಜೊತೆ ಏರಿಳಿಯುವುದು ಎರಡೇ ಜಂಕ್ಷನ್, ಬೇಕಾದದ್ದು ಡಿಗ್ರಿಗೆ 4. ಬಯಾಸ್ ಟ್ರಾನ್ಸಿಸ್ಟರ್ ಮಾತ್ರ 7 ಇಳಿಸುತ್ತದೆ. ಬಿಸಿಯಾದಷ್ಟೂ ಕರೆಂಟ್ ಸೊರಗುತ್ತದೆ. ತಣ್ಣಗಿರುವಾಗ ಸರಿಯಾಗಿದ್ದು, ಒಂದು ಗಂಟೆ ಹಾಡಿದ ಮೇಲೆ ಸಣ್ಣ ಸದ್ದಿನಲ್ಲಿ ಕರಕರ ಬಂದರೆ ಇದನ್ನೇ ನೋಡಿ. ಅಂಥ ಕಡೆ ಬಯಾಸ್‌ನ ಕೆಲಸವನ್ನು ಎರಡು ಟ್ರಾನ್ಸಿಸ್ಟರ್‌ಗೆ ಹಂಚುತ್ತಾರೆ. ಒಂದು ಹೀಟ್‌ಸಿಂಕ್ ಮೇಲೆ, ಇನ್ನೊಂದು ಬೋರ್ಡಿನಲ್ಲಿ ತಣ್ಣಗೆ.

ಇನ್ನೊಂದು ಮಿತಿ ನಮ್ಮ ಮನೆಗಳ ಕರೆಂಟಿನದು. ಈ ಸರ್ಕ್ಯೂಟ್ ಪೂರ್ತಿ ಗಟ್ಟಿ ವೋಲ್ಟೇಜ್ ಕೊಡುವುದಿಲ್ಲ, ಒಳಗೆ ಸುಮಾರು 33 ಓಮ್ ಇದ್ದಂತೆ ನಡೆದುಕೊಳ್ಳುತ್ತದೆ. ಈ ಬೋರ್ಡಿನಲ್ಲಿ ಆ 7 ಮಿಲಿಆಂಪ್ ರೆಸಿಸ್ಟರ್ ಮೂಲಕ ಬರುವುದರಿಂದ ಸಪ್ಲೈ ಜೊತೆ ಏರಿಳಿಯುತ್ತದೆ. ವೇರಿಯಾಕ್‌ನಲ್ಲಿ 230 ಇದ್ದದ್ದನ್ನು 200ಕ್ಕೆ ಇಳಿಸಿದಾಗ 25 ಮಿಲಿವೋಲ್ಟ್ ಇದ್ದದ್ದು 18 ಆಯಿತು. ಕಲೆಕ್ಟರ್‌ಗೆ ಅಷ್ಟೇ ಓಮ್‌ನ ಒಂದು ರೆಸಿಸ್ಟರ್ ಸೇರಿಸಿ ಇದನ್ನು ಹೊಡೆದುಹಾಕುವ ಉಪಾಯವಿದೆ. 18ರಲ್ಲೂ ಮೆಟ್ಟಿಲು ಕಾಣದ್ದರಿಂದ ನಾನು ಆ ತಂಟೆಗೆ ಹೋಗಲಿಲ್ಲ.

ಬಲಗಡೆ ಚಾನೆಲ್‌ಗೂ ಅದೇ ಕೆಲಸ ಮಾಡಿದೆ. ಅದು ಒಮ್ಮೆಯೂ ಸುಟ್ಟಿರಲಿಲ್ಲ, ಆದರೆ ಅದರ ಪ್ರೀಸೆಟ್ ತಿರುಗಿಸಿದಾಗಲೂ ಬಲ್ಬ್ ಫಳ್ ಅಂದಿತ್ತು. ಎರಡೂ ಪ್ರೀಸೆಟ್ ಮೇಲೆ ಒಂದೊಂದು ಹನಿ ನೇಲ್ ಪಾಲಿಶ್ ಇಟ್ಟೆ. ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿದೆ: "ಎರಡು ಎಮಿಟರ್ ನಡುವೆ 50 ಮಿಲಿವೋಲ್ಟ್, ಇಪ್ಪತ್ತು ನಿಮಿಷ ಬಿಸಿಯಾದ ಮೇಲೆ, ಬಲ್ಬ್ ಇಲ್ಲದೆ." ಮೇಷ್ಟ್ರು ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿ, "ಇದು ಯಾರಿಗಪ್ಪಾ?" ಅಂದರು. ಮುಂದೆ ಇದನ್ನು ಬಿಚ್ಚುವವರಿಗೆ ಸರ್, ಅಂದೆ.